ಚಿತ್ರ ನೋಡಿ ಜಾತಿ ತಿಳಿಯುವ ಬಗೆ: ಏಡಿ ಮತ್ತು ಸೀಗಡಿ ವರ್ತಕರಿಗೊಂದು ಪಾಠ

ನಮ್ಮ ಕರಾವಳಿಯ ಏಡಿ ಮತ್ತು ಸೀಗಡಿ ವ್ಯವಹಾರದಲ್ಲಿ ಸರಕನ್ನು ಬುಟ್ಟಿಯ ಬಳಿ ನಿಂತು ನೋಡಿ ದರ ಹೇಳುವ ಪದ್ಧತಿ ಕಡಿಮೆಯಾಗುತ್ತ ಬಂದಿದ್ದು, ಮೊಬೈಲಿಗೆ ಬಂದ ನಾಲ್ಕು ಚಿತ್ರಗಳನ್ನು ನೋಡಿ ದರ ಒಪ್ಪುವ ಪದ್ಧತಿ ಬೆಳೆದಿದೆ. ಗಂಗೊಳ್ಳಿಯ ಅಳಿವೆಯಲ್ಲಿ ಬೆಳಿಗ್ಗೆ ಸಿಕ್ಕ ಏಡಿಯ ಚಿತ್ರ ಬಿಸಿಲೇರುವ ಮೊದಲೇ ಮಂಗಳೂರನ್ನೋ ಚೆನ್ನೈಯನ್ನೋ ತಲುಪಿರುತ್ತದೆ. ದರ ನಿಗದಿಯಾಗಿ ಸರಕು ಹೊರಟ ಮೇಲೆ, ಬಂದದ್ದು ಹೇಳಿದ ಜಾತಿಯಲ್ಲವೆಂದು ತಿಳಿದರೆ ಜೀವಂತ ಏಡಿಯನ್ನು ಹಿಂದಕ್ಕೆ ಕಳುಹಿಸುವುದು ಸಾಧ್ಯವಾಗುವ ಮಾತಲ್ಲ. ಆದುದರಿಂದ ಚಿತ್ರದಲ್ಲಿ ಏನನ್ನು ನೋಡಬೇಕು, ಯಾವುದನ್ನು ನೋಡಿಯೂ ನಂಬಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕನ್ನಡದ ಏಡಿ ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ. ಸೀಗಡಿ ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ. ಬಂದರಿನಿಂದ ಬಂದರಿಗೆ ಒಳಜಾತಿಗಳ ಹೆಸರುಗಳು ಇನ್ನಷ್ಟು ಬದಲಾಗುತ್ತವೆ. ಒಂದೂರಿನವರು ಹೇಳಿದ ಹೆಸರು ಇನ್ನೊಂದೂರಿನಲ್ಲಿ ಬೇರೆ ಪ್ರಾಣಿಗೆ ಸಲ್ಲುವುದೂ ಉಂಟು. ಹೀಗಾಗಿ ಚಿತ್ರದ ಜೊತೆಗೆ ಬಂದ ಹೆಸರಿಗಿಂತ ಚಿತ್ರದಲ್ಲಿರುವ ಆಕಾರಕ್ಕೇ ಹೆಚ್ಚು ಬೆಲೆ ಕೊಡಬೇಕು.

ಬಣ್ಣವನ್ನು ಏಕೆ ನಂಬಬಾರದು

ಹೆಚ್ಚಿನವರು ಮೊದಲು ನೋಡುವುದು ಬಣ್ಣವನ್ನು. ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದೂ ಅದೇ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರಕ್ಕೂ ಹಳದಿ ದೀಪದ ಕೆಳಗೆ ತೆಗೆದ ಚಿತ್ರಕ್ಕೂ ಒಂದೇ ಏಡಿಯ ಬಣ್ಣದಲ್ಲಿ ಹಸಿರಿಗೂ ಕಂದಿಗೂ ಇರುವಷ್ಟು ಅಂತರ ಕಾಣುತ್ತದೆ. ಮಂಜುಗಡ್ಡೆಯಲ್ಲಿಟ್ಟ ಸೀಗಡಿ ಬಿಳಿಚಿಕೊಳ್ಳುತ್ತದೆ. ಕೆಸರು ಮೆತ್ತಿದ ಚಿಪ್ಪು ಯಾವ ಜಾತಿಯದಾದರೂ ಕಪ್ಪಾಗಿಯೇ ಕಾಣುತ್ತದೆ. ಹೊಸದಾಗಿ ಪೊರೆ ಕಳಚಿದ ಏಡಿಯ ಚಿಪ್ಪು ಮಾಸದೆ ತಿಳಿಯಾಗಿದ್ದು, ಅದೇ ಜಾತಿಯ ಹಳೆಯ ಚಿಪ್ಪಿನ ಏಡಿಯ ಪಕ್ಕದಲ್ಲಿ ಬೇರೆ ಜಾತಿಯಂತೆ ತೋರುತ್ತದೆ. ಬೇಯಿಸಿದರಂತೂ ಎಲ್ಲವೂ ಕೆಂಪು. ಚಿಪ್ಪಿನಲ್ಲಿರುವ ಆಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯವು ಜೀವಂತ ಪ್ರಾಣಿಯಲ್ಲಿ ಪ್ರೋಟೀನಿನೊಂದಿಗೆ ಬೆಸೆದುಕೊಂಡು ನೀಲಿ, ಹಸಿರು ಛಾಯೆಗಳನ್ನು ತೋರುತ್ತಿರುತ್ತದೆ. ಶಾಖಕ್ಕೆ ಪ್ರೋಟೀನು ಕೆಟ್ಟೊಡನೆ ಮೂಲದ ಕೆಂಪು ಹೊರಬೀಳುತ್ತದೆ.

ಒಂದೇ ಜಾತಿಯೊಳಗೆ ಗಂಡು ಹೆಣ್ಣುಗಳ ಬಣ್ಣ ಬೇರೆಯಾಗಿರುವುದೂ ಇದೆ. ಸಮುದ್ರದ ನೀಲಿ ಏಡಿಯ ಗಂಡು ನೀಲಿಯಾಗಿದ್ದರೆ ಹೆಣ್ಣು ಹಸಿರು ಮಿಶ್ರಿತ ಕಂದು. ಇವೆರಡನ್ನೂ ಬೇರೆ ಬೇರೆ ಜಾತಿಗಳೆಂದು ಎಣಿಸಿ ಬೇರೆ ದರ ಹೇಳುವವರನ್ನು ಇಂದಿಗೂ ಕಾಣಬಹುದು. ಬೆಳಕು ಬದಲಾದರೂ, ಮಂಜಿನಲ್ಲಿಟ್ಟರೂ, ಬೇಯಿಸಿದರೂ ಚಿಪ್ಪಿನ ಅಂಚಿನ ಹಲ್ಲುಗಳು, ಇಕ್ಕಳದ ಮೇಲಿನ ಮುಳ್ಳುಗಳು, ಕಾಲಿನ ತುದಿಯ ಆಕಾರ ಬದಲಾಗುವುದಿಲ್ಲ. ನಮ್ಮ ಪರಿಶೀಲನೆ ನಿಲ್ಲಬೇಕಾದುದು ಇವುಗಳ ಮೇಲೆ.

ಏಡಿ: ಕೊನೆಯ ಕಾಲಿನಿಂದ ಆರಂಭಿಸಬೇಕು

ಏಡಿಗೆ ಐದು ಜೊತೆ ಕಾಲುಗಳು. ಮೊದಲನೆಯ ಜೊತೆ ಇಕ್ಕಳವಾಗಿ ಬೆಳೆದಿರುತ್ತದೆ; ಉಳಿದ ನಾಲ್ಕು ನಡೆಯಲು ಮತ್ತು ಈಜಲು. ಚಿತ್ರ ಬಂದೊಡನೆ ಇಕ್ಕಳದ ಗಾತ್ರಕ್ಕೆ ಮರುಳಾಗದೆ ಹಿಂದಿನ ಕೊನೆಯ ಜೊತೆ ಕಾಲುಗಳ ತುದಿಯನ್ನು ನೋಡಬೇಕು. ಅದು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿ, ಅಂಡಾಕಾರವಾಗಿ ಅಗಲಗೊಂಡಿದ್ದರೆ ಈಜುವ ಏಡಿಗಳ ಕುಟುಂಬಕ್ಕೆ ಸೇರಿದ್ದು. ನಮ್ಮ ವ್ಯಾಪಾರದ ಮುಖ್ಯ ಏಡಿಗಳೆಲ್ಲ, ಅಳಿವೆಯ ಕೆಸರಿನ ಏಡಿಯೂ ಸೇರಿದಂತೆ, ಈ ಕುಟುಂಬದವು. ಕೊನೆಯ ಕಾಲೂ ಉಳಿದವುಗಳಂತೆಯೇ ಮೊಳೆಯ ಹಾಗೆ ಚೂಪಾಗಿ ಮುಗಿದರೆ ಅದು ಗದ್ದೆಯ ಏಡಿಯೋ ಬಂಡೆಯ ಏಡಿಯೋ ಆಗಿರಬಹುದು, ಕೆಸರಿನ ಏಡಿಯಂತೂ ಅಲ್ಲ. ಕೊನೆಯ ಕಾಲು ಮುರಿದಿದ್ದರೆ ಅಥವಾ ಹೊಟ್ಟೆಯಡಿಗೆ ಮಡಿಸಿಕೊಂಡಿದ್ದರೆ ಮತ್ತೊಂದು ಚಿತ್ರವನ್ನು ಕೇಳುವುದೇ ಸರಿ.

ಹುಟ್ಟಿನಾಕಾರ ಖಚಿತವಾದ ಮೇಲೆ ಬೆನ್ನುಚಿಪ್ಪಿನ ಅಂಚಿಗೆ ಬರಬೇಕು. ಕಣ್ಣಿನ ಹೊರಬದಿಯಿಂದ ಚಿಪ್ಪಿನ ಅತ್ಯಗಲ ಭಾಗದವರೆಗೆ ಗರಗಸದಂತೆ ಹಲ್ಲುಗಳ ಸಾಲಿರುತ್ತದೆ. ಕಣ್ಣಿನ ಪಕ್ಕದ ಹಲ್ಲನ್ನೂ ಸೇರಿಸಿ ಒಂದು ಬದಿಯಲ್ಲಿ ಎಣಿಸಿದರೆ ಕೆಸರಿನ ಏಡಿಗೆ 9. ಆ ಒಂಬತ್ತೂ ಹೆಚ್ಚುಕಡಿಮೆ ಒಂದೇ ಅಳತೆಯವು. ಆದ್ದರಿಂದ ಚಿಪ್ಪು ನುಣುಪಾದ ದುಂಡು ಅಂಡಾಕಾರವಾಗಿ ಕಾಣುತ್ತದೆ. ಸಮುದ್ರದ ನೀಲಿ ಏಡಿಗೂ 9 ಹಲ್ಲುಗಳೇ. ಆದರೆ ಅದರ ಒಂಬತ್ತನೆಯದು ಉಳಿದೆಲ್ಲಕ್ಕಿಂತ ಬಹಳ ಉದ್ದವಾಗಿ ಎರಡು ಬದಿಗೂ ಸೂಜಿಯಂತೆ ಚಾಚಿಕೊಂಡು, ಚಿಪ್ಪಿಗೆ ಕದಿರಿನ ಆಕಾರವನ್ನು ಕೊಡುತ್ತದೆ. ಮೂರು ಚುಕ್ಕೆಯ ಏಡಿಯೂ ಇದೇ ಆಕಾರದ್ದು. ಚಿಪ್ಪಿನ ಹಿಂಭಾಗದಲ್ಲಿ ಬಿಳಿಯಂಚಿನ ಮೂರು ಕಡುಗೆಂಪು ಚುಕ್ಕೆಗಳು ಸಾಲಾಗಿರುತ್ತವೆ. ಹಸಿ ಸರಕಿನಲ್ಲಿ ಬಣ್ಣದ ಗುರುತನ್ನು ಒಪ್ಪಬಹುದಾದ ಕೆಲವೇ ಸಂದರ್ಭಗಳಲ್ಲಿ ಇದೊಂದು. ಶಿಲುಬೆ ಏಡಿಯೆಂದು ಕರೆಯುವ ಪಟ್ಟೆಪಟ್ಟೆಯ ಏಡಿಗೆ ಒಂದು ಬದಿಯಲ್ಲಿ 6 ಹಲ್ಲುಗಳು ಮಾತ್ರ. ಹಲ್ಲು ಎಣಿಸುವಾಗ ಚಿತ್ರವನ್ನು ದೊಡ್ಡದು ಮಾಡಿಕೊಂಡು ಎರಡೂ ಬದಿಗಳಲ್ಲಿ ಎಣಿಸಬೇಕು. ಒಂದು ಬದಿಯಲ್ಲಿ ಹಲ್ಲು ಮುರಿದಿರುವುದು ಅಪರೂಪವೇನಲ್ಲ.

ಇಕ್ಕಳದ ರೂಪವೂ ಇದೇ ತೀರ್ಮಾನವನ್ನು ಗಟ್ಟಿಗೊಳಿಸುತ್ತದೆ. ಕೆಸರಿನ ಏಡಿಯ ಇಕ್ಕಳದ ಅಂಗೈ ಉಬ್ಬಿಕೊಂಡು ನುಣುಪಾಗಿರುತ್ತದೆ. ನೀಲಿ ಏಡಿಯದು ನೀಳವಾಗಿ, ಸಪೂರವಾಗಿ, ಉದ್ದಕ್ಕೂ ಏಣುಗಳಿಂದ ಕೂಡಿರುತ್ತದೆ. ಇಲ್ಲಿಯವರೆಗಿನದು ಕಷ್ಟದ ಕೆಲಸವಲ್ಲ. ಸ್ವಲ್ಪ ಅಭ್ಯಾಸವಾದವರು ಒಂದು ನೋಟದಲ್ಲಿ ಹೇಳಬಲ್ಲರು. ನಿಜವಾದ ತೊಡಕು ಮತ್ತು ನಿಜವಾದ ನಷ್ಟ ಇರುವುದು ಕೆಸರಿನ ಏಡಿಯೊಳಗಿನ ಎರಡು ಜಾತಿಗಳನ್ನು ಬೇರ್ಪಡಿಸುವಲ್ಲಿ.

ಕೆಸರಿನ ಏಡಿಯ ಎರಡು ಜಾತಿಗಳು

ನಮ್ಮ ಅಳಿವೆಗಳಲ್ಲಿ ದೊರೆಯುವ ಕೆಸರಿನ ಏಡಿಗಳಲ್ಲಿ ಒಂದು ದೊಡ್ಡ ಜಾತಿ, ಇನ್ನೊಂದು ಚಿಕ್ಕ ಜಾತಿ. ದೊಡ್ಡದು ಸ್ಕಿಲ್ಲಾ ಸೆರ್ರಾಟಾ. ವ್ಯಾಪಾರದಲ್ಲಿ ಹಸಿರು ಏಡಿ. ಚೆನ್ನಾಗಿ ಬೆಳೆದರೆ 2 ಕಿಲೋಗ್ರಾಂ ದಾಟುವುದುಂಟು. ಚಿಕ್ಕದು ಸ್ಕಿಲ್ಲಾ ಒಲಿವೇಸಿಯಾ. ವ್ಯಾಪಾರದಲ್ಲಿ ಕೆಂಪು ಏಡಿ. ಇದು ಅಷ್ಟು ಬೆಳೆಯುವುದಿಲ್ಲ. ಬಿಲ ಕೊರೆದು ವಾಸಿಸುವ ಸ್ವಭಾವ ಇದಕ್ಕೆ ಹೆಚ್ಚು. ಬೇಯಿಸಿ ಬಡಿಸುವವರಿಗೆ ಇವೆರಡರ ವ್ಯತ್ಯಾಸ ದೊಡ್ಡದಲ್ಲದಿರಬಹುದು. ಆದರೆ ಕೊಳದಲ್ಲಿ ಬಿಟ್ಟು ಬೆಳೆಸಲು ಕೊಳ್ಳುವವರಿಗೆ ಇದು ಲಾಭ ನಷ್ಟದ ಪ್ರಶ್ನೆ. 300 ಗ್ರಾಂ ತೂಗುವ ಹಸಿರು ಏಡಿ ಇನ್ನೂ ಬೆಳೆಯಬೇಕಾದ ಎಳೆಯದು. ಅದೇ ತೂಕದ ಕೆಂಪು ಏಡಿ ಬಹುಪಾಲು ಬೆಳೆದು ಮುಗಿದದ್ದು. ಮೇಲಾಗಿ ಅದು ಕೊಳದ ದಂಡೆಯನ್ನು ಕೊರೆಯುತ್ತದೆ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಭಾರತದ ಹಳೆಯ ಪುಸ್ತಕಗಳಲ್ಲಿ ದೊಡ್ಡ ಜಾತಿಗೆ ಸ್ಕಿಲ್ಲಾ ಟ್ರಾಂಕ್ವೆಬಾರಿಕಾ ಎಂದೂ, ಚಿಕ್ಕ ಜಾತಿಗೆ ಸ್ಕಿಲ್ಲಾ ಸೆರ್ರಾಟಾ ಎಂದೂ ಬರೆಯುತ್ತಿದ್ದರು. 1998ರಲ್ಲಿ ಕೀನನ್, ಡೇವಿ ಮತ್ತು ಮಾನ್ ಎಂಬ ವಿಜ್ಞಾನಿಗಳು ಈ ಏಡಿಗಳ ಕುಲವನ್ನು ಪುನಃ ಪರಿಶೀಲಿಸಿ ನಾಲ್ಕು ಜಾತಿಗಳನ್ನು ಸ್ಪಷ್ಟಪಡಿಸಿದರು. 2010ರ ದಶಕದಲ್ಲಿ ನಡೆದ ವಂಶವಾಹಿ ಅಧ್ಯಯನಗಳು, ನಮ್ಮಲ್ಲಿನ ದೊಡ್ಡ ಜಾತಿಯೇ ಸೆರ್ರಾಟಾ, ಚಿಕ್ಕದು ಒಲಿವೇಸಿಯಾ ಎಂದು ತೋರಿಸಿದವು. ಎಂದರೆ, ಹಳೆಯ ಪುಸ್ತಕವನ್ನು ಅನುಸರಿಸುವವರು ಸೆರ್ರಾಟಾ ಎಂದರೆ ಚಿಕ್ಕ ಏಡಿ, ಹೊಸದನ್ನು ಅನುಸರಿಸುವವರು ಸೆರ್ರಾಟಾ ಎಂದರೆ ದೊಡ್ಡ ಏಡಿ. ಒಪ್ಪಂದದ ಪತ್ರದಲ್ಲಿ ಶಾಸ್ತ್ರೀಯ ಹೆಸರನ್ನಷ್ಟೇ ಬರೆದುಕೊಂಡು ನೆಮ್ಮದಿಯಾಗಿರುವುದು ಹೀಗಾಗಿ ಸಾಲದು. ಗುರುತಿನ ಲಕ್ಷಣವನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳುವುದು ಲೇಸು.

ಆ ಲಕ್ಷಣಗಳು ಎರಡು ಕಡೆ ಇವೆ. ಮೊದಲನೆಯದು ಹಣೆ. ಏಡಿಯನ್ನು ಎದುರಿನಿಂದ, ಸ್ವಲ್ಪ ಮೇಲಿನಿಂದ ನೋಡಿದರೆ ಎರಡು ಕಣ್ಣುಗಳ ನಡುವೆ ಚಿಪ್ಪಿನ ಅಂಚಿನಲ್ಲಿ ನಾಲ್ಕು ಹಲ್ಲುಗಳಿರುತ್ತವೆ. ಹಸಿರು ಏಡಿಯಲ್ಲಿ ಇವು ಎತ್ತರವಾಗಿದ್ದು, ತುದಿ ಮೊಂಡಾದರೂ ಎದ್ದು ಕಾಣುತ್ತವೆ. ಹಲ್ಲು ಹಲ್ಲುಗಳ ನಡುವೆ ಆಳವಾದ ದುಂಡು ಸಂದು ಇರುತ್ತದೆ. ಕೆಂಪು ಏಡಿಯಲ್ಲಿ ಅವು ತಗ್ಗಾಗಿ, ದುಂಡಾಗಿ, ಸವೆದುಹೋದ ಹಲ್ಲುಗಳಂತೆ ಇರುತ್ತವೆ. ನಡುವಿನ ಸಂದು ಆಳವಿಲ್ಲ.

ಎರಡನೆಯದು ಇಕ್ಕಳದ ಮಣಿಕಟ್ಟು. ಇಕ್ಕಳದ ಉಬ್ಬಿದ ಅಂಗೈಗೂ ಹಿಂದಿನ ತೋಳಿಗೂ ನಡುವೆ ಒಂದು ಗಿಡ್ಡ ಗಿಣ್ಣು ಇದೆಯಲ್ಲ, ಅದರ ಹೊರಮೈಯನ್ನು ನೋಡಬೇಕು. ಹಸಿರು ಏಡಿಯಲ್ಲಿ ಅಲ್ಲಿ ಎರಡು ಸ್ಪಷ್ಟ ಮುಳ್ಳುಗಳಿವೆ. ಕೆಂಪು ಏಡಿಯಲ್ಲಿ ಸಾಮಾನ್ಯವಾಗಿ ಒಂದು ಮೊಂಡು ಗಂಟು ಮಾತ್ರ. ಇನ್ನೊಂದು ಇರುವುದೇ ಇಲ್ಲ. ಅಂಗೈಯ ಮೇಲ್ಭಾಗದಲ್ಲಿ, ಅಲ್ಲಾಡುವ ಬೆರಳು ಕೂಡುವ ಜಾಗದ ಹಿಂದೆ ಇರುವ ಜೋಡಿ ಮುಳ್ಳುಗಳೂ ಹಾಗೆಯೇ: ಹಸಿರಿನಲ್ಲಿ ಚೂಪು, ಕೆಂಪಿನಲ್ಲಿ ಮೊಂಡು. ಇವುಗಳ ಜೊತೆಗೆ ಹಸಿರು ಏಡಿಯ ಇಕ್ಕಳ ಮತ್ತು ಕಾಲುಗಳೆಲ್ಲದರ ಮೇಲೆ ಬಹುಭುಜಗಳ ಜಾಲದಂತಹ ವಿನ್ಯಾಸವಿರುತ್ತದೆ. ಕೆಂಪು ಏಡಿಯಲ್ಲಿ ಅದು ಇಲ್ಲ ಅಥವಾ ಬಹಳ ಮಸುಕು. ಕೆಸರು ತೊಳೆದ ಸರಕಿನಲ್ಲಿ ಮಾತ್ರ ಈ ವಿನ್ಯಾಸ ಚಿತ್ರದಲ್ಲಿ ಕಂಡೀತು.

ಇಲ್ಲಿ ವ್ಯಾಪಾರದ ರೂಢಿಯೇ ಒಂದು ಅಡ್ಡಿಯನ್ನು ತಂದೊಡ್ಡುತ್ತದೆ. ಜೀವಂತ ಕೆಸರಿನ ಏಡಿಯನ್ನು ಹಗ್ಗದಿಂದ ಬಿಗಿದೇ ಸಾಗಿಸುವುದು. ಇಕ್ಕಳಗಳನ್ನು ಮಡಿಸಿ ಸುತ್ತಿದ ಹಗ್ಗ ಅನೇಕ ವೇಳೆ ಮಣಿಕಟ್ಟಿನ ಮೇಲೆಯೇ ಹಾದುಹೋಗುತ್ತದೆ. ಮುಳ್ಳು ಒಂದೋ ಎರಡೋ ತಿಳಿಯುವುದಿಲ್ಲ. ಚಿತ್ರಕ್ಕಾಗಿ ಹಗ್ಗ ಬಿಚ್ಚಿಸುವುದು ಅಪಾಯ. ಆ ಇಕ್ಕಳಕ್ಕೆ ಬೆರಳನ್ನು ಜಜ್ಜುವಷ್ಟು ಬಲವಿದೆ. ಅಂತಹ ಸಂದರ್ಭದಲ್ಲಿ ಹಣೆಯ ಚಿತ್ರವನ್ನೇ ಕೇಳಬೇಕು. ಹಗ್ಗ ಹಣೆಯನ್ನು ಮುಚ್ಚುವುದು ಕಡಿಮೆ.

ಇಕ್ಕಳದ ಗಾತ್ರವನ್ನು ಜಾತಿಯ ಗುರುತೆಂದು ಎಣಿಸಬಾರದು. ಬೆಳೆದ ಗಂಡಿನ ಇಕ್ಕಳ ಹೆಣ್ಣಿನದಕ್ಕಿಂತ ದೊಡ್ಡದು. ಒಂದೇ ಏಡಿಯಲ್ಲಿ ಎರಡು ಇಕ್ಕಳಗಳೂ ಸಮನಾಗಿರುವುದಿಲ್ಲ: ಒಂದು ಚಿಪ್ಪು ಒಡೆಯಲು ದಪ್ಪ, ಇನ್ನೊಂದು ಕತ್ತರಿಸಲು ಸಪೂರ. ಕಳಚಿಹೋದ ಇಕ್ಕಳ ಮುಂದಿನ ಪೊರೆಯಲ್ಲಿ ಮತ್ತೆ ಹುಟ್ಟಿದಾಗ ಬಹಳ ಚಿಕ್ಕದಾಗಿರುತ್ತದೆ. ಹಾಗೆಯೇ, ತೀರ ಎಳೆಯ ಮರಿಗಳಲ್ಲಿ ಕೆಂಪು ಏಡಿಯ ಮಣಿಕಟ್ಟಿನ ಮುಳ್ಳೂ ಚೂಪಾಗಿಯೇ ಇರಬಹುದಾದ ಕಾರಣ, ಮರಿಗಳ ಚಿತ್ರದಲ್ಲಿ ಹಣೆ ಮತ್ತು ಮಣಿಕಟ್ಟು ಎರಡೂ ಒಂದೇ ಮಾತನ್ನು ಹೇಳುವವರೆಗೆ ತೀರ್ಮಾನಕ್ಕೆ ಬರಬಾರದು.

ಒಂದು ಲಾಟಿನ ಪರಿಶೀಲನೆ

ಉದಾಹರಣೆಗೆ ಒಂದು ವ್ಯವಹಾರವನ್ನು ತೆಗೆದುಕೊಳ್ಳೋಣ. ಕುಂದಾಪುರ ಕಡೆಯ ಕೊಳದ ಮಾಲೀಕರೊಬ್ಬರಿಗೆ ಬೆಳೆಸಲೆಂದು 80 ಕಿಲೋಗ್ರಾಂ ಏಡಿ ಬೇಕು. ಮಾರುವವರು ಹೇಳಿದ್ದು: ಹಸಿರು ಏಡಿ, ಜೀವಂತ, ಒಂದೊಂದೂ 250ರಿಂದ 350 ಗ್ರಾಂ. ಜೊತೆಗೆ ಮೂರು ಚಿತ್ರಗಳು.

ಮೊದಲನೆಯದು ಬುಟ್ಟಿಯ ಚಿತ್ರ, ಮೇಲಿನಿಂದ ತೆಗೆದದ್ದು. ಅದರಲ್ಲಿ ಹನ್ನೊಂದು ಏಡಿಗಳು ಕಾಣುತ್ತವೆ. ಚಿಪ್ಪು ದುಂಡು, ಬದಿಯಲ್ಲಿ ಚಾಚಿದ ಸೂಜಿಮುಳ್ಳಿಲ್ಲ. ಎರಡು ಏಡಿಗಳ ಹಿಂಗಾಲು ಹೊರಚಾಚಿದ್ದು ತುದಿ ಹುಟ್ಟಿನಾಕಾರದಲ್ಲಿದೆ. ಆದುದರಿಂದ ಕೆಸರಿನ ಏಡಿಯೆಂಬುದು ಸತ್ಯ. ಎರಡನೆಯದು ಒಂದೇ ಏಡಿಯನ್ನು ಕೈಯಲ್ಲಿ ಹಿಡಿದು ಎದುರಿನಿಂದ ತೆಗೆದದ್ದು. ಹಣೆಯ ಹಲ್ಲು ಎತ್ತರ, ಮಣಿಕಟ್ಟಿನಲ್ಲಿ ಎರಡು ಮುಳ್ಳು: ನಿಸ್ಸಂಶಯವಾಗಿ ಹಸಿರು ಏಡಿ. ಮೂರನೆಯದು ಹೊಟ್ಟೆಯ ಭಾಗ. ಮಡಿಸಿದ ಹೊಟ್ಟೆಯ ಪಟ್ಟಿ ಸಪೂರವಾಗಿದೆ, ಗಂಡು. ಬೆಳೆದ ಹೆಣ್ಣಿನಲ್ಲಿ ಅದು ಅಗಲವಾಗಿ ದುಂಡಾಗಿರುತ್ತದೆ.

ಇಲ್ಲಿಯೇ ಹೆಚ್ಚಿನವರು ದರ ಒಪ್ಪಿಬಿಡುತ್ತಾರೆ. ಆದರೆ ಎರಡನೆಯ ಚಿತ್ರ ಹೇಳಿದ್ದು ಒಂದು ಏಡಿಯ ವಿಷಯವನ್ನೇ ಹೊರತು ಬುಟ್ಟಿಯ ವಿಷಯವನ್ನಲ್ಲ. ಮಾದರಿಗೆ ಎತ್ತಿಕೊಳ್ಳುವಾಗ ಯಾರ ಕೈಯೂ ಚೆಲುವಾದದ್ದರ ಕಡೆಗೇ ಹೋಗುತ್ತದೆ. ಅದರಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ. ಮೊದಲನೆಯ ಚಿತ್ರವನ್ನು ದೊಡ್ಡದು ಮಾಡಿ ಹಣೆಯನ್ನೇ ಹುಡುಕುತ್ತ ಹೋದರೆ ಹನ್ನೊಂದರಲ್ಲಿ ಒಂಬತ್ತರ ಹಣೆ ಕಾಣುತ್ತದೆ. ಅವುಗಳಲ್ಲಿ ನಾಲ್ಕರ ಹಲ್ಲು ಎತ್ತರ, ಐದರದು ತಗ್ಗು. ಎಂದರೆ ಬುಟ್ಟಿಯ ಮೇಲಿನ ಪದರದಲ್ಲಿಯೇ ಅರ್ಧಕ್ಕಿಂತ ಹೆಚ್ಚು ಕೆಂಪು ಏಡಿ. ಕೆಳಗಿನ ಪದರ ಹೇಗಿದೆಯೆಂಬುದನ್ನು ಚಿತ್ರ ಹೇಳುವುದಿಲ್ಲ.

ಕೊಳ್ಳುವವರು ಈಗ ಮಾಡಬೇಕಾದುದು ಜಗಳವಲ್ಲ, ಎರಡನೆಯ ಸುತ್ತಿನ ಚಿತ್ರಗಳನ್ನು ಕೇಳುವುದು. ಬುಟ್ಟಿಯ ಮೇಲಿನ, ನಡುವಿನ, ತಳದ ಪದರಗಳಿಂದ ಹತ್ತು ಹತ್ತು ಏಡಿಗಳನ್ನು ತೆಗೆದು, ಮುಖ ಒಂದೇ ಕಡೆಗಿರುವಂತೆ ಸಾಲಾಗಿಟ್ಟು, ನೀರು ಹೊಯ್ದು, ಎದುರಿನಿಂದ ಚಿತ್ರ ತೆಗೆದು ಕಳುಹಿಸಬೇಕೆಂದು ಕೇಳಬೇಕು. ಮೂವತ್ತರಲ್ಲಿ ಹದಿನೆಂಟು ಕೆಂಪು ಎಂದು ಬಂದರೆ, ಏಡಿಗಳ ತೂಕ ಹೆಚ್ಚುಕಡಿಮೆ ಸಮನೆಂದು ಹಿಡಿದು, 80 ಕಿಲೋಗ್ರಾಂನಲ್ಲಿ 48 ಕಿಲೋಗ್ರಾಂನಷ್ಟು ಬೆಳೆಸಲು ಪ್ರಯೋಜನವಿಲ್ಲದ ಸರಕು. ಆಗ ಎರಡನ್ನೂ ಬೇರ್ಪಡಿಸಿ ಹಸಿರನ್ನು ಮಾತ್ರ ಕೊಳ್ಳುವ ಮಾತಾಡಬಹುದು, ಅಥವಾ ಕೆಂಪನ್ನು ತಿನ್ನುವ ಏಡಿಯ ದರದಲ್ಲಿ ಬೇರೆ ಕಡೆಗೆ ದಾಟಿಸಬಹುದು. ಮೂವತ್ತರ ಎಣಿಕೆ ಅಂದಾಜೇ ಹೊರತು ತೂಕದ ಚೀಟಿಯಲ್ಲ. ಬೇರ್ಪಡಿಸಿ ತೂಗಿದಾಗ ನಾಲ್ಕಾರು ಕಿಲೋ ಆಚೀಚೆ ಆಗುವುದನ್ನು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು.

ಸೀಗಡಿ: ತಲೆಯಿದ್ದಾಗ ಮತ್ತು ತಲೆಯಿಲ್ಲದಾಗ

ಸೀಗಡಿಯಲ್ಲಿಯೂ ಕಾಲಿನ ತುದಿಯಿಂದಲೇ ಆರಂಭಿಸಬಹುದು. ಟೈಗರ್, ಬಿಳಿ ಸೀಗಡಿ, ವನಾಮಿ ಇವೆಲ್ಲ ಪೀನಿಯಸ್ ಗುಂಪಿನವು. ಇವುಗಳ ಐದು ಜೊತೆ ನಡೆಗಾಲುಗಳಲ್ಲಿ ಮೊದಲ ಮೂರು ಜೊತೆಗಳ ತುದಿಯಲ್ಲಿ ಸಣ್ಣ ಸಣ್ಣ ಇಕ್ಕಳಗಳಿದ್ದು, ಮೂರೂ ಸಪೂರವಾಗಿರುತ್ತವೆ. ಕೊನೆಯ ಎರಡು ಜೊತೆ ಬರಿಯ ಉಗುರಿನಂತೆ ಮುಗಿಯುತ್ತವೆ. ಸಿಹಿನೀರಿನ ದೊಡ್ಡ ಸೀಗಡಿಯಲ್ಲಿ, ಅಂದರೆ ವ್ಯಾಪಾರದ ಸ್ಕ್ಯಾಂಪಿಯಲ್ಲಿ, ಮೊದಲ ಎರಡು ಜೊತೆಗಳಿಗೆ ಮಾತ್ರ ಇಕ್ಕಳ. ಅದರಲ್ಲಿಯೂ ಎರಡನೆಯ ಜೊತೆ ಗಂಡಿನಲ್ಲಿ ಮೈಯುದ್ದವನ್ನೂ ಮೀರಿ ಬೆಳೆಯುತ್ತದೆ. ತಲೆಯಿರುವ ಸರಕಿನಲ್ಲಿ ಇವೆರಡನ್ನು ಗೊಂದಲ ಮಾಡಿಕೊಳ್ಳುವವರಿಲ್ಲ.

ತೊಂದರೆ ಬರುವುದು ಹೆಡ್‌ಲೆಸ್ ಸರಕಿನ ಚಿತ್ರದಲ್ಲಿ. ತಲೆಯೊಡನೆ ನಡೆಗಾಲುಗಳೂ ಇಕ್ಕಳಗಳೂ ಹೋಗಿರುತ್ತವೆ. ಉಳಿದದ್ದು ಆರು ಉಂಗುರಗಳ ಬಾಲ ಮಾತ್ರ. ಆಗ ನೋಡಬೇಕಾದುದು ಎರಡನೆಯ ಉಂಗುರದ ಪಕ್ಕದ ತಟ್ಟೆಯನ್ನು. ಪೀನಿಯಸ್ ಗುಂಪಿನಲ್ಲಿ ಒಂದೊಂದು ಉಂಗುರದ ತಟ್ಟೆಯೂ ತನ್ನ ಹಿಂದಿನದರ ಮೇಲೆ, ಮನೆಯ ಹೆಂಚಿನಂತೆ, ಕ್ರಮವಾಗಿ ಕುಳಿತಿರುತ್ತದೆ: ಮೊದಲನೆಯದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ. ಸಿಹಿನೀರಿನ ಸೀಗಡಿಯಲ್ಲಿ ಈ ಕ್ರಮ ಮುರಿಯುತ್ತದೆ. ಎರಡನೆಯ ಉಂಗುರದ ತಟ್ಟೆ ಅಗಲವಾಗಿ ದುಂಡಾಗಿದ್ದು, ಮುಂದಿನ ಮೊದಲನೆಯದನ್ನೂ ಹಿಂದಿನ ಮೂರನೆಯದನ್ನೂ ಏಕಕಾಲಕ್ಕೆ ಮುಚ್ಚುತ್ತದೆ. ಬದಿಯಿಂದ ತೆಗೆದ ಚಿತ್ರದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬೆನ್ನಿನ ಕಡೆಯಿಂದ ತೆಗೆದರೆ ಕಾಣುವುದಿಲ್ಲ. ಮಂಜಿನ ಪದರವಿದ್ದರೆ ಅದನ್ನು ನೀರಿನಲ್ಲಿ ಕರಗಿಸಿ ತೆಗೆದ ಚಿತ್ರವೇ ಬೇಕು. ಇನ್ನೊಂದು ಸುಳಿವೂ ಇದೆ. ಹೊಟ್ಟೆಯಡಿಯಲ್ಲಿ ಮೊಟ್ಟೆಗಳ ಗೊಂಚಲು ಅಂಟಿಕೊಂಡಿದ್ದರೆ ಅದು ಪೀನಿಯಸ್ ಅಲ್ಲ. ಪೀನಿಯಸ್ ಗುಂಪು ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಸಿಹಿನೀರಿನ ಸೀಗಡಿ ಅವನ್ನು ಹೊತ್ತುಕೊಂಡಿರುತ್ತದೆ.

ತಲೆಯಿರುವ ಸರಕಿನಲ್ಲಿ ಕಷ್ಟದ ಪ್ರಶ್ನೆಯೆಂದರೆ ಬಿಳಿ ಸೀಗಡಿ ಮತ್ತು ವನಾಮಿ. ಮೊದಲನೆಯದು ನಮ್ಮ ಸಮುದ್ರದ ಪೀನಿಯಸ್ ಇಂಡಿಕಸ್. ಎರಡನೆಯದು ಶಾಂತ ಸಾಗರದ ಅಮೆರಿಕಾ ತೀರದ ಮೂಲದ್ದು. 2009ರಲ್ಲಿ ಭಾರತದಲ್ಲಿ ಇದರ ವಾಣಿಜ್ಯ ಕೃಷಿಗೆ ಅನುಮತಿ ದೊರೆತ ಮೇಲೆ ಕೊಳಗಳನ್ನೆಲ್ಲ ಆವರಿಸಿಕೊಂಡಿತು. ಇವೆರಡರ ಮೈಕಟ್ಟು ಒಂದೇ ತೆರನಾದದ್ದು. ಸಮುದ್ರದಿಂದ ಹಿಡಿದ ಬಿಳಿ ಸೀಗಡಿಯೆಂದು ಹೇಳಿ ಕೊಳದ ವನಾಮಿಯನ್ನು ಕೊಟ್ಟರೆ ಬಣ್ಣ ನೋಡಿ ಹೇಳಲಾಗದು.

ಇಲ್ಲಿ ನೆರವಿಗೆ ಬರುವುದು ತಲೆಯ ಮುಂದೆ ಚಾಚಿರುವ ಗರಗಸಮುಳ್ಳು. ಅದರ ಮೇಲಂಚಿನ ಹಲ್ಲುಗಳ ಎಣಿಕೆ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದು ಪ್ರಯೋಜನಕ್ಕೆ ಬಾರದು. ಕೆಳ ಅಂಚನ್ನು ಎಣಿಸಬೇಕು. ಬಿಳಿ ಸೀಗಡಿಯಲ್ಲಿ ಕೆಳಗಿನ ಹಲ್ಲು 3ರಿಂದ 6, ಬಹುಪಾಲು 4 ಅಥವಾ 5. ವನಾಮಿಯಲ್ಲಿ ಸಾಮಾನ್ಯವಾಗಿ 2ರಿಂದ 4, ಕೊಳದ ಸರಕಿನಲ್ಲಿ ಹೆಚ್ಚಾಗಿ 2. ಎರಡರ ವ್ಯಾಪ್ತಿ 3 ಮತ್ತು 4ರಲ್ಲಿ ಒಂದರ ಮೇಲೊಂದು ಬೀಳುತ್ತದೆ. ಆದುದರಿಂದ ಒಂದೇ ಸೀಗಡಿಯ ಮುಳ್ಳನ್ನು ಎಣಿಸಿ ತೀರ್ಪು ಹೇಳುವುದು ತಪ್ಪು. ಹತ್ತು ಸೀಗಡಿಗಳ ತಲೆಯನ್ನು ಬಿಳಿ ಕಾಗದದ ಮೇಲೆ ಬದಿಗೆ ಮಲಗಿಸಿ ತೆಗೆದ ಚಿತ್ರವಿರಲಿ. ಹತ್ತರಲ್ಲಿ ಏಳಕ್ಕೆ 2, ಮೂರಕ್ಕೆ 3 ಎಂದು ಬಂದರೆ ಅದು ವನಾಮಿ. ಹತ್ತರಲ್ಲಿ ಎಂಟಕ್ಕೆ 4 ಅಥವಾ 5, ಎರಡಕ್ಕೆ 3 ಎಂದು ಬಂದರೆ ಬಿಳಿ ಸೀಗಡಿ. ಕೆಲವಕ್ಕೆ 2, ಕೆಲವಕ್ಕೆ 5 ಎಂದು ಎರಡು ತಂಡವಾಗಿ ಒಡೆದು ಕಂಡರೆ ಮಿಶ್ರ ಸರಕು. ಕೆಳಗೆ ಹಲ್ಲೇ ಇಲ್ಲದಿದ್ದರೆ ಅದು ಪೀನಿಯಸ್ಸೇ ಅಲ್ಲ. ಮೆಟಾಪೀನಿಯಸ್ ಮೊದಲಾದ ಬೇರೆ ಸಮುದ್ರ ಸೀಗಡಿಗಳಲ್ಲಿ ಒಂದು. ಎಣಿಸುವ ಮೊದಲು ಮುಳ್ಳಿನ ತುದಿ ಮುರಿದಿಲ್ಲವೆಂದು ನೋಡಿಕೊಳ್ಳಬೇಕು. ಕೆಳಗಿನ ಹಲ್ಲುಗಳಿರುವುದು ತುದಿಯ ಕಡೆಗೇ ಆದ್ದರಿಂದ ತುದಿ ಮುರಿದ ಬಿಳಿ ಸೀಗಡಿ ಎಣಿಕೆಯಲ್ಲಿ ವನಾಮಿಯಾಗಿಬಿಡುತ್ತದೆ. ಪೆಟ್ಟಿಗೆಯಲ್ಲಿ ಮಂಜಿನೊಡನೆ ತುಂಬಿದ ಸರಕಿನಲ್ಲಿ ಮುರಿದ ಮುಳ್ಳುಗಳೇನೂ ಕಡಿಮೆಯಿರುವುದಿಲ್ಲ.

ಚಿತ್ರ ಹೇಗಿರಬೇಕು, ಚಿತ್ರ ಏನನ್ನು ಹೇಳದು

ಮೊಬೈಲನ್ನು ಪ್ರಾಣಿಯ ಹತ್ತಿರ ಹಿಡಿದಷ್ಟೂ ಮುಂದಿರುವ ಭಾಗ ಉಬ್ಬಿ, ಹಿಂದಿರುವುದು ಕುಗ್ಗಿ ಕಾಣುತ್ತದೆ. ಇಕ್ಕಳವನ್ನು ಮುಂದೆ ಮಾಡಿ ತೆಗೆದ ಏಡಿ 300 ಗ್ರಾಂನದ್ದಾದರೂ ಅರ್ಧ ಕಿಲೋ ಇರುವಂತೆ ತೋರುತ್ತದೆ. ಮೊಬೈಲನ್ನು ಎರಡಡಿ ದೂರದಲ್ಲಿ ಹಿಡಿದು ಚಿತ್ರವನ್ನು ಹಿಗ್ಗಿಸಿ ತೆಗೆದರೆ ಈ ದೋಷ ಬಹಳ ಕಡಿಮೆಯಾಗುತ್ತದೆ. ಅಳತೆಪಟ್ಟಿಯನ್ನು ನೆಲದ ಮೇಲಿಡದೆ ಚಿಪ್ಪಿನ ಎತ್ತರಕ್ಕೆ ಸರಿಯಾಗಿ ಇಡಬೇಕು; ನೆಲದ ಮೇಲಿಟ್ಟ ಪಟ್ಟಿ ಮೊಬೈಲಿನಿಂದ ದೂರವಾಗಿ ಚಿಕ್ಕದಾಗಿ ಕಾಣುವುದರಿಂದ ಏಡಿ ಇರುವುದಕ್ಕಿಂತ ದೊಡ್ಡದೆಂದು ಅಳತೆ ಬರುತ್ತದೆ. ನೆರಳಿನ ಹಗಲು ಬೆಳಕು ಉತ್ತಮ. ಫ್ಲ್ಯಾಶ್ ಹಾಕಿದರೆ ಒದ್ದೆ ಚಿಪ್ಪು ಹೊಳೆದು ಹಣೆಯ ಹಲ್ಲುಗಳ ಅಂಚೇ ಅಳಿಸಿಹೋಗುತ್ತದೆ. ಚಿತ್ರವನ್ನು ಕಳುಹಿಸುವಾಗ ಅದರ ಗಾತ್ರ ಇಳಿದು ವಿವರಗಳು ಮಸುಕಾಗುವುದೂ ಉಂಟು. ಮೂಲ ಗಾತ್ರದಲ್ಲಿಯೇ ಕಳುಹಿಸಬೇಕೆಂದು ಕೇಳಿದರೆ ಗರಗಸಮುಳ್ಳಿನ ಹಲ್ಲುಗಳನ್ನು ಎಣಿಸಲು ಸಾಧ್ಯವಾಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಚಿತ್ರಕ್ಕೆ ನಿಲುಕದ ಸಂಗತಿಗಳಿವೆ. ಏಡಿಯೊಳಗೆ ಮಾಂಸ ತುಂಬಿದೆಯೋ, ಪೊರೆ ಕಳಚಿದ ಹೊಸದರಲ್ಲಿ ನೀರೇ ತುಂಬಿದೆಯೋ ಎಂಬುದು ತೂಕ ನೋಡಿ, ಹೊಟ್ಟೆಯ ಕಡೆಯ ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿಯೇ ತಿಳಿಯಬೇಕು. ನೀರು ಏಡಿಯ ಚಿಪ್ಪು ಒತ್ತಿದಾಗ ಬಾಗುತ್ತದೆ. ಸಿಪ್ಪೆ ಸುಲಿದ ಸೀಗಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಕಾಲೂ ಇಲ್ಲ; ಅದರ ಚಿತ್ರ ನೋಡಿ ಜಾತಿ ಹೇಳುವವರ ಮಾತಿಗೆ ಹಣ ಹೂಡಲಾಗದು. ಅಂತಹ ಸರಕಿನಲ್ಲಿ ಜಾತಿಯೇ ಮುಖ್ಯವಾದರೆ ಸುಲಿಯುವ ಮೊದಲಿನ ಚಿತ್ರವನ್ನು ಲಾಟಿನ ಸಂಖ್ಯೆಯ ಚೀಟಿಯೊಡನೆ ತೆಗೆಸಿಟ್ಟುಕೊಳ್ಳಬೇಕು, ಇಲ್ಲವೇ ಪ್ರಯೋಗಾಲಯದ ವಂಶವಾಹಿ ಪರೀಕ್ಷೆಗೆ ತುಣುಕನ್ನು ಕಳುಹಿಸಬೇಕು.